ಎಣ್ಣೆ ಅದೇನಾ? ಹೆಸರು ಬದಲಿಸುವಾಗ ಗಿರಾಕಿಗಳಿಗೆ ನಾನು ಬರೆದ ಪತ್ರ

ಚಿತ್ರದುರ್ಗದಲ್ಲಿ ನಮ್ಮದೊಂದು ಮರದ ಗಾಣ ಇದೆ. 8 ವರ್ಷದಿಂದ ಶೇಂಗಾ ಎಣ್ಣೆ ತೆಗೆದು ಮಾರುತ್ತಿದ್ದೇನೆ. ಸುಮಾರು 400 ಮನೆಗಳಿಗೆ, 11 ಅಂಗಡಿಗಳಿಗೆ ನಮ್ಮ ಎಣ್ಣೆ ಹೋಗುತ್ತದೆ. ಹೋದ ವರ್ಷ ಹೆಸರು ಬದಲಿಸಬೇಕಾಯಿತು.

ಶುರು ಮಾಡಿದಾಗ ಊರಿನ ಹೆಸರು ಹಾಕಿ, ಮುಂದೆ ‘ಗಾಣದ ಎಣ್ಣೆ’ ಅಂತ ಬರೆಸಿದ್ದೆ. ಅಷ್ಟೇ ನಮ್ಮ ಹೆಸರು. ನಾಲ್ಕೈದು ವರ್ಷ ಏನೂ ತೊಂದರೆ ಆಗಲಿಲ್ಲ. ಆಮೇಲೆ ಅದೇ ಥರದ ಹೆಸರಿನಲ್ಲಿ ಇನ್ನೂ ಇಬ್ಬರು ಮಾರತೊಡಗಿದರು. ಒಂದು ದಿನ ಹಳೆಯ ಗಿರಾಕಿಯೊಬ್ಬರು ಬಾಟಲಿ ಹಿಡಿದುಕೊಂಡು ಬಂದರು. ‘ಏನಮ್ಮಾ, ಇದು ಇಷ್ಟು ಕಮಟು ಹೊಡೀತಿದೆ?’ ಅಂದರು. ಮುಚ್ಚಳ ತೆಗೆದೆ, ನಿಜವಾಗಿಯೂ ಕಮಟು ವಾಸನೆ. ಬಾಟಲಿ ತಿರುಗಿಸಿ ನೋಡಿದರೆ ವಿಳಾಸ ನಮ್ಮದಲ್ಲ. ಅವರಿಗೆ ತುಂಬಾ ಸಂಕೋಚವಾಯಿತು. ಆದರೆ ತಪ್ಪು ಅವರದಲ್ಲ, ದೂರದಿಂದ ನೋಡಿದರೆ ಎರಡೂ ಒಂದೇ ಹೆಸರು.

ಟ್ರೇಡ್‌ಮಾರ್ಕ್‌ಗೆ ಅರ್ಜಿ ಹಾಕಿದೆ. ಅಡುಗೆ ಎಣ್ಣೆ 29ನೇ ವರ್ಗಕ್ಕೆ ಬರುತ್ತದೆ. ಸ್ವಲ್ಪ ದಿನಕ್ಕೆ ಆಕ್ಷೇಪಣೆ ಬಂತು. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ಬರೀ ಊರಿನ ಹೆಸರು ಮತ್ತು ಸರಕಿನ ಹೆಸರು ಸೇರಿಸಿದ ಮಾತ್ರಕ್ಕೆ ಅದು ಒಬ್ಬರ ಗುರುತಾಗುವುದಿಲ್ಲ. ಯೋಚಿಸಿದರೆ ಸರಿಯೇ ಅನಿಸಿತು. ದುರ್ಗ ಎಲ್ಲರದು, ಗಾಣವೂ ಎಲ್ಲರದು. ವಾದ ಮಾಡುತ್ತಾ ಕೂರುವ ಬದಲು ನಮ್ಮ ಅಜ್ಜಿಯ ಹೆಸರನ್ನೇ ಎಣ್ಣೆಗೆ ಇಟ್ಟು ಹೊಸ ಅರ್ಜಿ ಹಾಕಿದೆ.

ಕಷ್ಟವಾದದ್ದು ಗಿರಾಕಿಗಳಿಗೆ ತಿಳಿಸುವ ಕೆಲಸ. ಮೊದಲ ಪತ್ರವನ್ನು ರಾತ್ರಿ ಕೂತು ಎರಡು ಪುಟ ಬರೆದೆ. ಅಜ್ಜಿ ಯಾರು, ಹೊಸ ಚಿತ್ರದಲ್ಲಿ ಶೇಂಗಾ ಬಳ್ಳಿ ಯಾಕೆ, ಬಣ್ಣ ಯಾಕೆ ಹಸಿರು, ಎಲ್ಲಾ ಇತ್ತು. ಮಾರನೇ ದಿನ ಎಣ್ಣೆಗೆ ಬಂದ ಮೇಷ್ಟ್ರಿಗೆ ಓದಲು ಕೊಟ್ಟೆ. ಅವರು ನಿಂತಲ್ಲೇ ಪೂರ್ತಿ ಓದಿದರು. ಆಮೇಲೆ ಮೂರು ಪ್ರಶ್ನೆ ಕೇಳಿದರು: ‘ಗಾಣ ಮಾರಿಬಿಟ್ಯೇನಮ್ಮಾ? ಎಣ್ಣೆ ಅದೇನಾ? ರೇಟು ಜಾಸ್ತಿ ಮಾಡ್ತೀಯಾ?’ ಎರಡು ಪುಟದಲ್ಲಿ ಈ ಮೂರಕ್ಕೂ ಉತ್ತರ ಇರಲಿಲ್ಲ. ಪತ್ರವನ್ನು ಅಲ್ಲೇ ಮಡಚಿಟ್ಟೆ.

ಎರಡನೇ ಪತ್ರವನ್ನು ಆ ಮೂರು ಪ್ರಶ್ನೆಯಿಂದಲೇ ಶುರು ಮಾಡಿದೆ. ಮೊದಲ ಸಾಲುಗಳು ಹೀಗಿದ್ದವು: ‘ಮುಂದಿನ ತಿಂಗಳಿಂದ ನಮ್ಮ ಬಾಟಲಿಯ ಮೇಲೆ ಹೊಸ ಹೆಸರು ಬರುತ್ತದೆ. ಗಾಣವನ್ನು ಯಾರಿಗೂ ಮಾರಿಲ್ಲ. ನಡೆಸುವವಳು ನಾನೇ, ಗಾಣದ ಮುಂದೆ ನಿಲ್ಲುವವರೂ ಅದೇ ಇಬ್ಬರು.’ ಕಾರಣವನ್ನು ಎರಡು ಸಾಲಿನಲ್ಲಿ ಹೇಳಿದೆ. ಹೆಸರು ಒಂದೇ ಥರ ಇರುವುದರಿಂದ ಬೇರೆಯವರ ಬಾಟಲಿ ನಮ್ಮದೆಂದು ತಿಳಿದು ಕೆಲವರು ಕೊಂಡಿದ್ದಾರೆ, ಇನ್ನು ಹಾಗಾಗಬಾರದು ಅಂತ. ಆ ಬೇರೆಯವರು ಯಾರು ಅಂತ ಬರೆಯಲಿಲ್ಲ. ಅವರ ಮೇಲೆ ದೂರು ಹೇಳುವ ಪತ್ರ ಅದಾಗಬಾರದಿತ್ತು.

‘ಏನು ಬದಲಾಗುವುದಿಲ್ಲ’ ಅನ್ನುವ ಭಾಗಕ್ಕೆ ನಾಲ್ಕು ದಿನ ಹಿಡಿಯಿತು. ‘ಗುಣಮಟ್ಟ ಅದೇ ಇರುತ್ತದೆ’ ಅಂತ ಯಾರು ಬೇಕಾದರೂ ಬರೆಯಬಹುದು. ಗಿರಾಕಿ ಬಂದು ಕಣ್ಣಾರೆ ನೋಡಬಹುದಾದ್ದನ್ನು ಮಾತ್ರ ಬರೆಯಬೇಕು ಅಂತ ತೀರ್ಮಾನ ಮಾಡಿದೆ. ನಮ್ಮಲ್ಲಿ ಒಂದು ಲೀಟರ್ ಎಣ್ಣೆಗೆ ಸುಮಾರು ಎರಡೂವರೆ ಕೆಜಿ ಶೇಂಗಾ ಬೀಜ ಬೇಕು. ತೆಗೆದ ಎಣ್ಣೆಯನ್ನು ಮೂರು ದಿನ ಸ್ಟೀಲ್ ಪಾತ್ರೆಯಲ್ಲಿ ಬಿಡುತ್ತೇವೆ, ಗಸಿ ತಳಕ್ಕೆ ಕೂರುತ್ತದೆ, ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸುತ್ತೇವೆ. ಬೀಜವನ್ನಾಗಲಿ ಎಣ್ಣೆಯನ್ನಾಗಲಿ ಕಾಯಿಸುವುದಿಲ್ಲ. ಇದನ್ನೇ ಪತ್ರದಲ್ಲಿ ಬರೆದು, ‘ಯಾವ ದಿನವಾದರೂ ಬಂದು ನೋಡಿ’ ಅಂತ ಸೇರಿಸಿದೆ.

ಎರಡು ಕಡೆ ಕೈ ತಡೆಯಿತು. ‘ಚಳ್ಳಕೆರೆ ಕಡೆಯ ಶೇಂಗಾ ಮಾತ್ರ’ ಅಂತ ಬರೆಯಲು ಹೊರಟಿದ್ದೆ. ನಮ್ಮ ಕಡೆ ಶೇಂಗಾ ಹೆಚ್ಚಾಗಿ ಮಳೆ ನಂಬಿದ ಬೆಳೆ. ಮಳೆ ಕೈಕೊಟ್ಟ ವರ್ಷ ಬೇರೆ ಕಡೆಯಿಂದ ತರಿಸಲೇಬೇಕಾಗುತ್ತದೆ. ಆಗ ನನ್ನ ಮಾತು ಸುಳ್ಳಾಗುತ್ತದೆ ಅಲ್ವಾ? ಹಾಗಾಗಿ ‘ಆ ವಾರದ ಬೀಜ ಎಲ್ಲಿಯದು ಅಂತ ಗಾಣದ ಮುಂದಿನ ಬೋರ್ಡಿನಲ್ಲಿ ಬರೆದಿರುತ್ತೇವೆ’ ಅಂತ ಬದಲಿಸಿದೆ. ರೇಟಿನದೂ ಅದೇ ಕಥೆ. ರೇಟು ಏರುವುದಿಲ್ಲ ಅಂತ ಮಾತು ಕೊಡಲು ಆಗುವುದಿಲ್ಲ, ಬೀಜದ ಬೆಲೆ ನಮ್ಮ ಕೈಯಲ್ಲಿಲ್ಲ. ‘ಹೊಸ ಹೆಸರು, ಹೊಸ ಲೇಬಲ್ ಅಂತ ಒಂದು ರೂಪಾಯಿಯನ್ನೂ ಸೇರಿಸಿಲ್ಲ. ಬೀಜದ ಬೆಲೆ ಏರಿ ರೇಟು ಏರಿಸಬೇಕಾದರೆ ಒಂದು ವಾರ ಮುಂಚೆ ಹೇಳುತ್ತೇವೆ’ ಅಂತ ಬರೆದೆ.

ಬಹಳ ಕೆಲಸಕ್ಕೆ ಬಂದದ್ದು ಮಾತ್ರ ನಂಬರಿನ ಸಾಲು. ಬಾಟಲಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಲೈಸೆನ್ಸ್ ನಂಬರ್ ಇರುತ್ತದೆ. ಮಾಲೀಕಳು ನಾನೇ, ಜಾಗವೂ ಅದೇ. ಹಾಗಾಗಿ ಹಳೆಯ ಲೈಸೆನ್ಸಿನಲ್ಲೇ ಹೆಸರು ತಿದ್ದಿಸಿದೆ, ನಂಬರ್ ಹಾಗೇ ಉಳಿಯಿತು. ಪ್ಯಾನ್ ಬದಲಾಗದ ಕಾರಣ ಜಿಎಸ್‌ಟಿ ನಂಬರ್ ಕೂಡ ಅದೇ. ‘ಹಳೆಯ ಬಾಟಲಿ, ಹೊಸ ಬಾಟಲಿ ಪಕ್ಕಪಕ್ಕ ಇಡಿ. 14 ಅಂಕಿ ಒಂದೇ ಇದ್ದರೆ ಎರಡೂ ನಮ್ಮದೇ’ ಅಂತ ಬರೆದು, ಆ ನಂಬರನ್ನು ಪತ್ರದಲ್ಲೇ ದಪ್ಪಕ್ಷರದಲ್ಲಿ ಹಾಕಿಸಿದೆ. ನನ್ನ ಮಾತು ನಂಬಿ ಅಂತ ಕೇಳುವುದಕ್ಕಿಂತ ಇದು ಎಷ್ಟೋ ಮೇಲು. ಒಬ್ಬ ಅಜ್ಜಿ ಕನ್ನಡಕ ಹಾಕಿಕೊಂಡು ನಮ್ಮ ಕಟ್ಟೆಯ ಮೇಲೆ ಕೂತು ಒಂದೊಂದೇ ಅಂಕಿ ಬೆರಳಿಟ್ಟು ಓದಿದರು. ‘ಹೂಂ, ಅದೇ ಐತೆ’ ಅಂದು ಎರಡು ಲೀಟರ್ ತಗೊಂಡು ಹೋದರು.

ಫೋನ್ ನಂಬರ್, ಮನೆಗೆ ತಲುಪಿಸುವ ದಿನ, ಉದ್ರಿ ಪುಸ್ತಕ, ಸ್ಟೀಲ್ ಕ್ಯಾನಿಗೆ ಇಟ್ಟ ಮುಂಗಡ, ಇವೆಲ್ಲಾ ಇದ್ದ ಹಾಗೇ ಇರುತ್ತವೆ ಅಂತ ಕೊನೆಗೆ ಬರೆದೆ. ಒಂದೇ ಪುಟ, ದೊಡ್ಡ ಅಕ್ಷರ. ಹೊಸ ಲೇಬಲ್ ಬರುವ ಮೂರು ವಾರ ಮುಂಚೆ, ಹಳೆಯ ಬಾಟಲಿಯ ಕುತ್ತಿಗೆಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ ಕಳಿಸಿದೆವು. ಹೊಸ ಬಾಟಲಿಯ ಜೊತೆ ಕಳಿಸಿದ್ದರೆ ಜನ ಮೊದಲು ಗಾಬರಿಯಾಗಿ ಆಮೇಲೆ ಓದುತ್ತಿದ್ದರು. ವಾಟ್ಸಾಪ್‌ನಲ್ಲೂ ಹಾಕಿದೆ, ಆದರೆ ಬಾಟಲಿಗೆ ಕಟ್ಟಿದ್ದನ್ನೇ ಜಾಸ್ತಿ ಜನ ಓದಿದ್ದು.

ಇಷ್ಟಾದರೂ ಒಂದು ಮರೆತಿದ್ದೆ. ಪತ್ರ ಹೋಗಿ ಸ್ವಲ್ಪ ದಿನಕ್ಕೆ ಬ್ಯಾಂಕಿನಲ್ಲಿ ಖಾತೆಯ ಹೆಸರು ಬದಲಾಯಿತು. ಕ್ಯೂಆರ್ ಸ್ಕ್ಯಾನ್ ಮಾಡಿದರೆ ಫೋನಿನಲ್ಲಿ ಹೊಸ ಹೆಸರು ಕಾಣತೊಡಗಿತು. ಅಪ್ಪ ಅಮ್ಮನ ಎಣ್ಣೆಗೆ ಬೆಂಗಳೂರಿನಿಂದ ದುಡ್ಡು ಹಾಕುವ ಹುಡುಗನೊಬ್ಬ ಫೋನ್ ಮಾಡಿದ: ‘ಅಕ್ಕಾ, ಯಾರದ್ದೋ ಹೆಸರು ತೋರಿಸ್ತಿದೆ, ಮೋಸ ಇರಬಹುದು ಅಂತ ನಿಲ್ಲಿಸಿದೆ.’ ಅವನು ಪತ್ರ ನೋಡಿಯೇ ಇರಲಿಲ್ಲ, ಪತ್ರ ಹೋದದ್ದು ಅಪ್ಪ ಅಮ್ಮನ ಮನೆಗೆ. ನೋಡಿದ್ದರೂ ಅದರಲ್ಲಿ ಈ ವಿಷಯ ಇರಲಿಲ್ಲ. ಅವನು ನಿಲ್ಲಿಸಿದ್ದೇ ಸರಿ. ಅವತ್ತೇ ‘ದುಡ್ಡು ಹಾಕುವಾಗ ಈ ಹೆಸರು ಕಾಣುತ್ತದೆ’ ಅಂತ ಆ ಪರದೆಯ ಚಿತ್ರದ ಜೊತೆ ಎಲ್ಲರಿಗೂ ಕಳಿಸಿದೆ, ದುಡ್ಡು ಹಾಕುವ ಮಕ್ಕಳ ನಂಬರನ್ನೂ ಕೇಳಿ ಸೇರಿಸಿಕೊಂಡೆ.

ಅಂಗಡಿಯವರಿಗೆ ಪತ್ರ ಕೊಟ್ಟದ್ದೂ ತಡವಾಯಿತು. ಅವರಲ್ಲಿ ಇಬ್ಬರು ತಮ್ಮ ಗಿರಾಕಿಗಳಿಗೆ ‘ಆ ಎಣ್ಣೆ ನಿಂತೋಗಿದೆ, ಇದು ಬೇರೆ ಕಂಪನಿ’ ಅಂತ ಹೇಳಿಬಿಟ್ಟಿದ್ದರು. ನಾನೇ 11 ಅಂಗಡಿಗೂ ಹೋಗಿ ಹಳೆಯ ಖಾಲಿ ಬಾಟಲಿಯೊಂದನ್ನು ಹೊಸದರ ಪಕ್ಕ ಇಟ್ಟು ಬಂದೆ. ಎರಡರ ಮೇಲೂ ನಂಬರಿನ ಸುತ್ತ ಕೆಂಪು ಪೆನ್ನಿನಲ್ಲಿ ಗೀರಿದ್ದೆ. ಎರಡು ತಿಂಗಳು ಅವು ಅಲ್ಲೇ ಇದ್ದವು.