ಮೂರನೇ ಪತ್ರಕ್ಕೆ ವಾರ್ಡನ್ ಸಹಿ ಬಿತ್ತು: ಹಾಸ್ಟೆಲ್ ಆಟದ ಮೂಲೆಯ ನನ್ನ ಅನುಭವ

"ಓದೋಕ್ ಬಂದಿದೀರೋ, ಆಡೋಕ್ ಬಂದಿದೀರೋ?" ಕಾಮನ್ ರೂಮಿನಲ್ಲಿ ಆಟಕ್ಕೆ ಜಾಗ ಕೇಳಿದವರಿಗೆಲ್ಲ ನಮ್ಮ ಹಾಸ್ಟೆಲ್‌ನಲ್ಲಿ ಸಿಗುತ್ತಿದ್ದ ಉತ್ತರ ಇದು. ಮೈಸೂರಿನ ಸ್ನಾತಕೋತ್ತರ ಹುಡುಗರ ಹಾಸ್ಟೆಲ್ ನಮ್ಮದು. ಸುಮಾರು ನೂರಿಪ್ಪತ್ತು ಜನ ಇದ್ದೇವೆ. ಈಗ ಟಿವಿ ಪಕ್ಕದ ಮೂಲೆಯಲ್ಲಿ ಒಂದು ಬೀರು, ಒಂದು ಕೇರಂ ಬೋರ್ಡು, ಎರಡು ಮೇಜು ಇವೆ. ಪತ್ರ ಕಸದ ಬುಟ್ಟಿಗೆ ಹೋಗುತ್ತೆ ಅಂತ ಬೆಟ್ ಕಟ್ಟಿದ್ದ ನನ್ನ ರೂಮ್‌ಮೇಟೇ ಈಗ ದಿನಾ ಸಂಜೆ ಮೊದಲು ಬಂದು ಕೂರುತ್ತಾನೆ. ಬೇರೆ ಹಾಸ್ಟೆಲ್‌ಗಳ ಗೆಳೆಯರು ಪತ್ರದ ನಕಲು ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಸೀನಿಯರ್‌ಗಳ ಪತ್ರ ಎರಡು ಪುಟ ಇತ್ತು. ಒತ್ತಡ ಕಡಿಮೆಯಾಗುತ್ತೆ, ಸ್ನೇಹ ಬೆಳೆಯುತ್ತೆ, ಮನಸ್ಸು ಹಗುರ ಆಗುತ್ತೆ ಅಂತ ತುಂಬಾ ಚೆನ್ನಾಗಿ ಬರೆದಿದ್ದರು. ವಾರ್ಡನ್ ಸರ್ ಓದಿ ಮಡಚಿಟ್ಟರು, ಅಷ್ಟೇ. ಆಮೇಲೆ ಮಹಡಿ ಪ್ರತಿನಿಧಿಗಳು ಸೇರಿ ಇನ್ನೊಂದು ಕೊಟ್ಟರು. ಅದರಲ್ಲಿ ಪ್ಲೇಸ್ಟೇಷನ್ ಕೇಳಿದ್ದರು. ಆಗ ಅದರ ಬೆಲೆ ಐವತ್ತು ಸಾವಿರದ ಆಸುಪಾಸು ಇತ್ತು. ಸರ್ ಅದನ್ನು ಪೂರ್ತಿ ಓದಲೂ ಇಲ್ಲ.

ಎರಡೂ ಪತ್ರ ಇಟ್ಟುಕೊಂಡು ಕೂತಾಗ ನನಗೆ ಕಂಡದ್ದು ಇಷ್ಟು. ಪತ್ರದಲ್ಲಿ ನಮಗೆ ಏನು ಬೇಕು ಅಂತ ಇತ್ತು. ಸಹಿ ಹಾಕಿದ ಮೇಲೆ ಏನಾದರೂ ಆದರೆ ಸರ್ ಯಾರಿಗೆ ಏನು ಉತ್ತರ ಕೊಡಬೇಕು ಅನ್ನೋದು ಇರಲಿಲ್ಲ. ಹಾಗಾಗಿ ಅವರ ಭಯಗಳನ್ನು ಮೊದಲು ಪಟ್ಟಿ ಮಾಡಿದೆ. ಹಣ ಕಟ್ಟಿ ಆಡ್ತಾರೆ. ರಾತ್ರಿ ಗಲಾಟೆ ಆಗುತ್ತೆ. ನಾಲ್ಕು ಜನ ಮೂಲೆ ಹಿಡಿದುಕೊಂಡರೆ ಉಳಿದವರು ದೂರು ತರ್ತಾರೆ. ಸಾಮಾನು ಕಳೆದರೆ ತಲೆನೋವು ಆಫೀಸಿಗೆ. ಪ್ರತಿ ಭಯಕ್ಕೂ ಪತ್ರದಲ್ಲಿ ಒಂದೊಂದು ಸಾಲಿನ ಉತ್ತರ ಇರಬೇಕು ಅಂತ ಹಟ ಹಿಡಿದು ಬರೆದೆ. ಒಂದೇ ಪುಟದ ಪತ್ರ, ಹಿಂದುಗಡೆ ಆಟಗಳ ಪಟ್ಟಿ.

ವಿಷಯದ ಸಾಲು ಹೀಗಿತ್ತು: "ಕಾಮನ್ ರೂಮಿನ ಟಿವಿ ಪಕ್ಕದ ಮೂಲೆಯನ್ನು ಒಂದು ತಿಂಗಳ ಮಟ್ಟಿಗೆ, ಹಾಸ್ಟೆಲ್‌ಗೆ ಖರ್ಚಿಲ್ಲದಂತೆ, ಒಳಾಂಗಣ ಆಟಗಳಿಗೆ ಬಳಸಲು ಅನುಮತಿ ಕೋರಿ." ಒಂದು ತಿಂಗಳು ಅಂತ ಬರೆದದ್ದೇ ಅರ್ಧ ಕೆಲಸ ಮಾಡಿತು. ಕಾಯಂ ಆಗಿ ಕೊಡಿ ಅಂದರೆ ಮೇಲಿನವರನ್ನು ಕೇಳಬೇಕಾಗುತ್ತೆ. ಒಂದು ತಿಂಗಳ ಪ್ರಯೋಗಕ್ಕೆ ವಾರ್ಡನ್ ತಾವೇ ಸಹಿ ಹಾಕಬಹುದು. ಒಳಗಿನ ಮುಖ್ಯ ಪ್ಯಾರಾ ಇದು:

"ಪಟ್ಟಿಯಲ್ಲಿರುವ ಯಾವ ಆಟಕ್ಕೂ ಇಂಟರ್‌ನೆಟ್, ಫೋನ್ ನಂಬರ್ ಅಥವಾ ಹಣ ಬೇಕಿಲ್ಲ. ಇಸ್ಪೀಟು ಇರುವುದಿಲ್ಲ. ಕೇರಂ ರಾತ್ರಿ 9ಕ್ಕೆ ನಿಲ್ಲುತ್ತದೆ. ಬೀರುವಿನ ಕೀಲಿ ಆಫೀಸಿನಲ್ಲಿ, ರಿಜಿಸ್ಟರ್ ವಾಚ್‌ಮನ್ ಬಳಿ ಇರುತ್ತದೆ. ಪರೀಕ್ಷೆಗೆ ಹತ್ತು ದಿನ ಮೊದಲು ಎಲ್ಲವನ್ನೂ ಬೀಗ ಹಾಕಿ ಇಡುತ್ತೇವೆ. ಸಾಮಾನು ಕಳೆದರೆ ಕೆಳಗೆ ಸಹಿ ಮಾಡಿರುವ ಮೂವರು ಭರಿಸುತ್ತೇವೆ."

ಕೊನೆಯ ವಾಕ್ಯಕ್ಕೆ ಸಹಿ ಹಾಕಲು ಇಬ್ಬರನ್ನು ಒಪ್ಪಿಸೋದು ಪತ್ರ ಬರೆಯೋದಕ್ಕಿಂತ ಕಷ್ಟ ಆಯಿತು. ಹೇಗೆ ಒಪ್ಪಿಸಿದೆ ಅನ್ನೋದನ್ನು ಇಲ್ಲಿ ಹೇಳಲ್ಲ.

ಹಣದ ಭಯ ಬರೀ ಮಾತಿನಿಂದ ಹೋಗುವಂಥದ್ದಲ್ಲ. 2025ರ ಆಗಸ್ಟ್‌ನಲ್ಲಿ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾನೂನು ಬಂತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಅದು ನಿಷೇಧಿಸಿದೆ. ಇ-ಸ್ಪೋರ್ಟ್ಸ್ ಮತ್ತು ಹಣವಿಲ್ಲದ ಆಟಗಳನ್ನು ಬೇರೆಯಾಗಿಯೇ ನೋಡುತ್ತದೆ. ಇದನ್ನು ಎರಡು ಸಾಲಿನಲ್ಲಿ ಹಾಕಿದೆ. ಸರ್‌ಗೆ ಹಿಡಿಸಿದ್ದು ಅದಕ್ಕಿಂತ ಹೆಚ್ಚಾಗಿ ನಾವು ಎದುರಿಗೇ ತೋರಿಸಿದ ಪರೀಕ್ಷೆ. ಮೊಬೈಲ್‌ನಲ್ಲಿ ಏರೋಪ್ಲೇನ್ ಮೋಡ್ ಹಾಕಿ. ಆಟ ಶುರುವಿನಿಂದ ಕೊನೆವರೆಗೆ ನಡೆಯಬೇಕು. ಮಧ್ಯೆ ಲಾಗಿನ್ ಕೇಳಿದರೆ, ಕಾಯಿನ್ ಕೊಳ್ಳಿ ಅಂದರೆ ಆ ಆಟ ಪಟ್ಟಿಯಿಂದ ಔಟ್. ಹುಡುಗರು ಬೇಕು ಅಂತ ಬರೆಸಿದ್ದ ಮೊಬೈಲ್ ಲೂಡೋಗಳೆಲ್ಲ ಇದರಲ್ಲೇ ಬಿದ್ದುಹೋದವು. ಪ್ಲೇ ಸ್ಟೋರ್‌ನಲ್ಲಿ ಆಟದ ಹೆಸರಿನ ಕೆಳಗೆ Contains ads, In-app purchases ಅಂತ ಇದ್ದರೆ ಇಳಿಸಿಕೊಳ್ಳುವ ಶ್ರಮವೂ ಬೇಡ. 3+ ಅಂತ ವಯಸ್ಸಿನ ಗುರುತು ಇದೆ ಅಂತ ನಂಬಬೇಡಿ. ಆ ಗುರುತಿರುವ ಆಟದಲ್ಲೂ ಜಾಹೀರಾತು, ಖರೀದಿ ಎರಡೂ ಇರಬಹುದು.

ಕಂಪ್ಯೂಟರ್ ಆಟ ಒಂದೇ ಒಂದು ಉಳಿಯಿತು, SuperTuxKart ಅನ್ನೋ ಕಾರ್ ರೇಸ್. ಉಚಿತ, ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತೆ, ರಕ್ತಪಾತ ಇಲ್ಲ, ಒಂದೇ ಪರದೆ ಹಂಚಿಕೊಂಡು ಇಬ್ಬರು ಮೂವರು ಒಟ್ಟಿಗೆ ಆಡಬಹುದು. ಮೊದಲ ಸಲ ತೆರೆದಾಗ ಇಂಟರ್‌ನೆಟ್ ಬಳಸಲಾ ಅಂತ ಕೇಳುತ್ತೆ. ಬೇಡ ಅಂತ ಒತ್ತಿ. ಆದರೆ ಇದನ್ನು ಮೊದಲ ತಿಂಗಳಿಗೆ ಕೇಳಲೇ ಇಲ್ಲ. ಪಟ್ಟಿಯ ಕೊನೆಯಲ್ಲಿ "ತಿಂಗಳ ನಂತರ, ತಾವು ಒಪ್ಪಿದರೆ" ಅಂತ ಹಾಕಿದೆ. ಪರದೆ ಇರುವ ಆಟ ಮೊದಲೇ ಕಂಡಿದ್ದರೆ ಪ್ಲೇಸ್ಟೇಷನ್ ಪತ್ರ ನೆನಪಾಗಿ ಮತ್ತೆ ಮಡಚಿಡುತ್ತಿದ್ದರು.

ಎಲ್ಲರೂ ಆಡುವಂತಿರಬೇಕು ಅನ್ನೋ ವಿಷಯಕ್ಕೆ ನಾನು ಹೆಚ್ಚು ಹೊತ್ತು ಕೊಟ್ಟೆ. ಬರೀ "ಎಲ್ಲರಿಗೂ ಅವಕಾಶ" ಅಂತ ಬರೆದರೆ ಏನೂ ಹೇಳಿದ ಹಾಗಲ್ಲ, ಅಲ್ವಾ? ಪ್ರತಿ ಆಟದ ಎದುರು ಯಾರಿಗೆ ಕಷ್ಟ, ಅದಕ್ಕೆ ಏನು ಮಾಡಿದ್ದೇವೆ ಅಂತ ಬರೆದೆವು.

ಕೇರಂ ಉದಾಹರಣೆ ಹೇಳ್ತೀನಿ. ಮಳವಳ್ಳಿ ಕಡೆಯ ಒಬ್ಬ ಗೆಳೆಯ ಒಳ್ಳೇ ಗುರಿಕಾರ. ಆದರೆ ಕೆಂಪು ಕಾಯಿಯನ್ನು ಕಪ್ಪು ಅಂತ ತಿಳಿದು ಹೊಡೆದುಬಿಡುತ್ತಿದ್ದ. ಎಲ್ಲರೂ ಬೇಕಂತಲೇ ಮಾಡ್ತಾನೆ ಅಂತ ಜಗಳಕ್ಕೆ ನಿಂತಿದ್ದರು. ಕೆಲವರ ಕಣ್ಣಿಗೆ ಕೆಂಪು ಬಣ್ಣ ತುಂಬಾ ಮಂಕಾಗಿ, ಹೆಚ್ಚುಕಡಿಮೆ ಕಪ್ಪಾಗಿ ಕಾಣುತ್ತದೆ. ಕೆಂಪು-ಹಸಿರು ಬಣ್ಣದ ತೊಂದರೆ ಗಂಡಸರಲ್ಲೇ ಜಾಸ್ತಿ. ನಮ್ಮಂಥ ಹುಡುಗರ ಹಾಸ್ಟೆಲ್‌ನಲ್ಲಿ ಅಂಥವರು ಕೆಲವರಾದರೂ ಇರಬಹುದು. ಮೊದಲು ಕೆಂಪು ಕಾಯಿಯ ಮೇಲೆ ಬಿಳಿ ಸ್ಟಿಕ್ಕರ್ ಅಂಟಿಸಿದೆವು. ಎರಡು ಪೆಟ್ಟು ಬೀಳುವಷ್ಟರಲ್ಲಿ ಅಂಚು ಎದ್ದು ಕಾಯಿ ಅಡ್ಡಾದಿಡ್ಡಿ ಓಡಿತು. ಆಮೇಲೆ ಕಾಯಿಯ ನಡುವಿನ ತಗ್ಗಿನಲ್ಲಿ, ಎರಡೂ ಕಡೆ, ಬಿಳಿ ಪೇಂಟಿನ ಚುಕ್ಕೆ ಇಟ್ಟೆವು. ತಗ್ಗಿನಲ್ಲಿರುವುದರಿಂದ ಬೋರ್ಡಿಗೆ ತಾಗಲ್ಲ, ಸವೆಯಲ್ಲ. ಜಗಳ ಅವತ್ತೇ ನಿಂತಿತು. ಲೂಡೋದ ಹಸಿರು ಕಾಯಿಗಳಿಗೆ ಸಣ್ಣ ರಬ್ಬರ್ ಬ್ಯಾಂಡ್ ಸುತ್ತಿದೆವು, ಅದೂ ನಡೆಯುತ್ತಿದೆ.

ಪೌಡರ್ ಬಗ್ಗೆಯೂ ಒಂದು ಮಾತು. ಅಂಗಡಿಯಲ್ಲಿ ಕೊಡುವ ಕೇರಂ ಪೌಡರ್ ಸಾಮಾನ್ಯವಾಗಿ ಬೋರಿಕ್ ಪುಡಿ. ಫ್ಯಾನ್ ಕೆಳಗೆ ಅದು ಹಾರಾಡುತ್ತೆ. ನಮ್ಮಲ್ಲಿ ಇಬ್ಬರಿಗೆ ಆಸ್ತಮಾ ಇದೆ. ಆಲೂಗಡ್ಡೆ ಸ್ಟಾರ್ಚ್ ತಂದು ನೋಡಿದೆವು. ಬೆಲೆ ಜಾಸ್ತಿ, ಆದರೆ ಚಿಟಿಕೆ ಸಾಕು. ಯಾವ ಪುಡಿಯಾದರೂ ಫ್ಯಾನ್ ಆರಿಸಿ, ಬಟ್ಟೆಯಲ್ಲಿ ಕಟ್ಟಿ ತಟ್ಟಬೇಕು, ಡಬ್ಬಿಯಿಂದ ಉದುರಿಸಬಾರದು.

ದೃಷ್ಟಿ ಇಲ್ಲದ ಒಬ್ಬ ಸಂಶೋಧನಾ ವಿದ್ಯಾರ್ಥಿ ನಮ್ಮ ಜೊತೆ ಇದ್ದಾರೆ. ಅವರಿಗಾಗಿ ಮುಟ್ಟಿ ಆಡುವ ಚೆಸ್ ಸೆಟ್ ತಂದೆವು. ಅದರಲ್ಲಿ ಕಪ್ಪು ಮನೆಗಳು ಉಬ್ಬಿರುತ್ತವೆ. ಪ್ರತಿ ಮನೆಯಲ್ಲೂ ತೂತು ಇರುತ್ತೆ, ಕಾಯಿ ಅದರಲ್ಲಿ ಕೂರುತ್ತೆ, ಬೆರಳು ತಾಗಿದರೂ ಉರುಳಲ್ಲ. ಒಂದು ಬಣ್ಣದ ಕಾಯಿಗಳ ತಲೆಯ ಮೇಲೆ ಸಣ್ಣ ಮೊಳೆಯಂಥ ಗುರುತು ಇರುತ್ತೆ. ಅವರು ಬಂದು ಎರಡನೇ ದಿನವೇ ನನ್ನನ್ನು ಸೋಲಿಸಿದರು. ಆದರೆ ಅವರು ಜಾಸ್ತಿ ಹೊತ್ತು ಕೂರುವುದು ಅಳಗುಳಿ ಮಣೆಯ ಎದುರು. ಹದಿನಾಲ್ಕು ಗುಳಿ, ಹುಣಸೆ ಬೀಜ, ಎಲ್ಲವೂ ಬೆರಳಿಗೆ ಸಿಗುತ್ತವೆ. ಯಾವ ಬದಲಾವಣೆಯೂ ಬೇಕಾಗಲಿಲ್ಲ. ಕೇರಳ, ಮಣಿಪುರದ ಹುಡುಗರಿಗೂ ಅದೇ ಇಷ್ಟ, ಯಾಕೆಂದರೆ ಓದುವುದು ಏನೂ ಇಲ್ಲ. ಸಿನಿಮಾ ಹೆಸರಿನ ಆಟಗಳನ್ನು ಇದೇ ಕಾರಣಕ್ಕೆ ಬಿಟ್ಟೆವು.

ಅಳಗುಳಿ ಮಣೆ, ಚೌಕಾಬಾರ ಪಟ್ಟಿಯಲ್ಲಿ ಮೊದಲು ಬರುವಂತೆ ನೋಡಿಕೊಂಡೆ. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಮಣೆಯಾಟ ಕಟ್ಟಿದ್ದರು, ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ಆಟಗಳ ಚಿತ್ರಗಳಿವೆ ಅನ್ನೋದು ಮೈಸೂರಿನವರಿಗೆ ಹೇಳಿಕೊಡಬೇಕಿಲ್ಲ. ಆದರೂ ಒಂದು ಸಾಲು ಹಾಕಿದೆ. ಸರ್ ಗಟ್ಟಿಯಾಗಿ ಓದಿದ್ದು ಆ ಒಂದೇ ಸಾಲನ್ನು. ಅದೇ ಹುಮ್ಮಸ್ಸಿನಲ್ಲಿ ಗಂಜೀಫಾ ಅನ್ನೋ ಹಳೇ ಚಿತ್ರದ ಎಲೆಯಾಟದ ಸೆಟ್ ಮಾಡೋಣ ಅಂತ ಹೊರಟೆವು. ದಶಾವತಾರದ ಸೆಟ್ಟಿಗೆ 120 ದುಂಡನೆಯ ಎಲೆ ಬೇಕು. ರಟ್ಟು ಕತ್ತರಿಸಿ ಕೈ ಸೋತಿತು, ನಿಯಮ ಪೂರ್ತಿ ಗೊತ್ತಿದ್ದವರು ಯಾರೂ ಸಿಗಲಿಲ್ಲ. ಅರ್ಧ ಸೆಟ್ ಇನ್ನೂ ನನ್ನ ಟ್ರಂಕಿನಲ್ಲಿದೆ. ಕಲಿಸುವವರು ಸಿಕ್ಕರೆ ಮುಗಿಸುತ್ತೇನೆ.

ಖರ್ಚು ನೆನಪಿದ್ದಷ್ಟು ಹೇಳ್ತೀನಿ. ಹಳೇ ಕೇರಂ ಬೋರ್ಡು ಸಾವಿರದ ನೂರೋ ಇನ್ನೂರೋ. ಅರಸು ರಸ್ತೆಯಲ್ಲಿ ಹೊಸದನ್ನು ಕೇಳಿದ್ದಕ್ಕೆ ಮೂರು ಸಾವಿರದ ಹತ್ತಿರ ಹೇಳಿದ್ದರು. ಹಳೆಯದನ್ನು ಕೊಳ್ಳುವಾಗ ಮಟ್ಟವಾದ ಜಾಗದಲ್ಲಿ ಬೋರ್ಡು ಇಟ್ಟು, ನಡುವೆ ಒಂದು ಕಾಯಿ ಇಟ್ಟು ಮೆಲ್ಲಗೆ ತಳ್ಳಿ ನೋಡಿ. ಒಂದೇ ಮೂಲೆಗೆ ವಾಲುತ್ತಿದ್ದರೆ ಬೋರ್ಡು ಬಾಗಿದೆ, ಬಿಟ್ಟುಬಿಡಿ. ಚೆಸ್ ಸೆಟ್ ಆರುನೂರರ ಒಳಗೆ. ಅಳಗುಳಿ ಮಣೆ ಮದ್ದೂರಿನ ಗೆಳೆಯನ ಅಜ್ಜಿ ಕೊಟ್ಟರು, ಬೀಜ ಮೆಸ್ಸಿನ ಅಡುಗೆಮನೆಯದು. ಬೀರು ಆಫೀಸಿನಲ್ಲಿ ಸುಮ್ನೆ ಬಿದ್ದಿತ್ತು. ಬೀಗ, ಪೌಡರ್, ಪೇಂಟು ಎಲ್ಲ ಸೇರಿ ಮೂರು ಸಾವಿರ ದಾಟಲಿಲ್ಲ. ತಲೆಗೆ ಐವತ್ತು ರೂಪಾಯಿ ಹಾಕಿದೆವು. ಕೊಡದವರಿಗೂ ಆಡಲು ಬಿಡುತ್ತೇವೆ ಅಂತ ಪತ್ರದಲ್ಲೇ ಇದೆ, ಇಲ್ಲದಿದ್ದರೆ ದೂರು ಬರುತ್ತಿತ್ತು. ದುಡ್ಡು ಮೆಸ್ ಕಮಿಟಿ ಕಾರ್ಯದರ್ಶಿ ಹತ್ತಿರ, ಪ್ರತಿಯೊಂದಕ್ಕೂ ರಸೀದಿ.

ಪತ್ರವನ್ನು ಕೈಗೆ ಕೊಟ್ಟು ಬರಬೇಡಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ಇನ್‌ವರ್ಡ್ ನಂಬರ್ ಮತ್ತು ಸೀಲು ಹಾಕಿಸಿಕೊಳ್ಳಿ. ನಂಬರ್ ಬಿದ್ದ ಪತ್ರವನ್ನು ಬಂದೇ ಇಲ್ಲ ಅಂತ ಆಫೀಸು ಹೇಳೋದು ಕಷ್ಟ. ಕೊಡುವ ದಿನ, ಹೊತ್ತು ಹೇಗೆ ಆರಿಸಬೇಕು ಅನ್ನೋದು ನನ್ನ ಹತ್ತಿರವೇ ಇರಲಿ.

ತಿಂಗಳು ಮುಗಿಯುವ ಒಂದು ವಾರ ಮೊದಲೇ ರಿಜಿಸ್ಟರಿನ ಜೆರಾಕ್ಸ್ ಲಗತ್ತಿಸಿ ಮುಂದುವರಿಕೆ ಕೇಳಿದೆವು. ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಹೆಸರು ಇದ್ದವು. ಎಲ್ಲ ಮಹಡಿಯವರೂ ಇದ್ದರು. ಗಲಾಟೆಯ ದೂರು ಒಂದೇ, ಅದೂ ಕೇರಂನ ಸದ್ದಿನ ಬಗ್ಗೆ. ಬೋರ್ಡಿನ ನಾಲ್ಕು ಮೂಲೆಯ ಕೆಳಗೆ ಹಳೇ ಸೈಕಲ್ ಟ್ಯೂಬಿನ ತುಂಡು ಇಟ್ಟ ಮೇಲೆ ಅದೂ ಬರಲಿಲ್ಲ. ಸರ್ ಸೆಮಿಸ್ಟರ್ ಮುಗಿಯುವವರೆಗೆ ಅಂತ ಬರೆದು ಸಹಿ ಹಾಕಿದರು. SuperTuxKart ಎದುರು "ಭಾನುವಾರ ಮಾತ್ರ" ಅಂತ ತಮ್ಮ ಕೈಯಲ್ಲೇ ಸೇರಿಸಿದ್ದಾರೆ. ಕಂಟ್ರೋಲರ್ ಎರಡಕ್ಕೆ ಸಾವಿರ ರೂಪಾಯಿ ಬೇಕು, ಈಗ ಅದನ್ನು ಕೂಡಿಸುತ್ತಿದ್ದೇವೆ.