ಶನಿವಾರದ ರಾತ್ರಿ ಪಾಳಿ ಯಾವ ವಾರದ ಲೆಕ್ಕಕ್ಕೆ?

ಕೊಯ್ಲು ಮುಗಿದು ಕಾಫಿ ಚೀಲಗಳು ಬಂದು ಬೀಳುವ ಸಮಯದಲ್ಲಿ ಕುಶಾಲನಗರದ ಕಡೆಯ, ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ರಾತ್ರಿ ಪಾಳಿ ಶುರುವಾಗುತ್ತದೆ. ಯಾರು ಎಷ್ಟು ಗಂಟೆ ದುಡಿದರು ಎನ್ನುವ ಲೆಕ್ಕ ತಪ್ಪುವುದೂ ಆಗಲೇ. ನಾನು ನೋಡಿದ ತಪ್ಪುಗಳಲ್ಲಿ ಹೆಚ್ಚಿನವು ಮಧ್ಯರಾತ್ರಿಯ ಹತ್ತಿರವೇ ಆಗಿವೆ.

ಮೊದಲು ಹಾಜರಿ ಪುಸ್ತಕ ಮತ್ತು ಓಟಿ ಚೀಟಿಗಳನ್ನು ಒಟ್ಟಿಗೆ ಇಟ್ಟುಕೊಳ್ಳಿ. ಪಾಳಿ ಪಟ್ಟಿ ಪಕ್ಕದಲ್ಲಿರಲಿ, ಆದರೆ ಅದರಿಂದ ಗಂಟೆ ಎಣಿಸಬೇಡಿ. ಅದು ಯಾರು ಬರಬೇಕಿತ್ತು ಎಂದು ಹೇಳುತ್ತದೆ, ಯಾರು ಬಂದರು ಎಂದಲ್ಲ.

ನಂತರ ಎಕ್ಸೆಲ್ ಶೀಟ್‌ನಲ್ಲಿ ಒಂದು ಪಾಳಿಗೆ ಒಂದೇ ಸಾಲು ಬರೆಯಿರಿ. A ಕಾಲಂನಲ್ಲಿ ಟೋಕನ್ ನಂಬರ್, B ಯಲ್ಲಿ ಪಾಳಿ ಶುರುವಾದ ತಾರೀಖು, C ಮತ್ತು D ಯಲ್ಲಿ ಒಳಗೆ ಬಂದ, ಹೊರಗೆ ಹೋದ ಸಮಯ, E ಯಲ್ಲಿ ಬಿಡುವಿನ ನಿಮಿಷ. ಟೋಕನ್ ನಂಬರೇ ಬಳಸಿ. ಒಂದೇ ಹೆಸರಿನವರು ಇಬ್ಬರಿದ್ದರೆ ಹೆಸರಿನ ಮೇಲೆ ಮಾಡಿದ ಮೊತ್ತ ಕಲಸಿಹೋಗುತ್ತದೆ. ಸಮಯವನ್ನು 8:30 ಎಂದೇ ಹೊಡೆಯಿರಿ, 8.30 ಎಂದು ಬೇಡ; ರಾತ್ರಿ 10 ಆದರೆ 22:00 ಎಂದು. ಚುಕ್ಕಿ ಇಟ್ಟರೆ ಶೀಟ್ ಅದನ್ನು ಗಡಿಯಾರದ ಸಮಯ ಎಂದು ತಿಳಿಯುವುದಿಲ್ಲ.

ಇನ್ನು ಕಷ್ಟದ ಭಾಗ. ರಾತ್ರಿ 10ಕ್ಕೆ ಬಂದವರು ಬೆಳಿಗ್ಗೆ 6ಕ್ಕೆ ಹೋಗುತ್ತಾರೆ. ಹೋದ ಸಮಯದಿಂದ ಬಂದ ಸಮಯವನ್ನು ಸುಮ್ನೆ ಕಳೆದರೆ ಉತ್ತರ ಮೈನಸ್ ಬರುತ್ತದೆ. ಅದನ್ನು ಸರಿ ಮಾಡಲು ಕೆಲವರು ಪಾಳಿಯನ್ನು ಎರಡು ಸಾಲು ಮಾಡುತ್ತಾರೆ: 12ರವರೆಗೆ ಒಂದು ದಿನಕ್ಕೆ, ಆಮೇಲಿನದು ಮರುದಿನಕ್ಕೆ. ಹಾಗೆ ಮಾಡಲೇಬೇಡಿ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 57ನೇ ಕಲಂ ಪ್ರಕಾರ ಮಧ್ಯರಾತ್ರಿಯ ನಂತರ ದುಡಿದ ಗಂಟೆಗಳು ಹಿಂದಿನ ದಿನದ ಲೆಕ್ಕಕ್ಕೇ ಸೇರುತ್ತಿದ್ದವು, ಈಗಲೂ ಹಾಗೇ. ಅದೇ ಕಾಯ್ದೆಯಲ್ಲಿ ವಾರ ಶುರುವಾಗುತ್ತಿದ್ದುದು ಶನಿವಾರ ಮಧ್ಯರಾತ್ರಿಗೆ, ಅಂದರೆ ಭಾನುವಾರದಿಂದ. ಹಾಗಾಗಿ ಶನಿವಾರ ರಾತ್ರಿ 10ರ ಪಾಳಿ ಪೂರ್ತಿಯಾಗಿ ಮುಗಿಯುತ್ತಿರುವ ವಾರದ್ದು.

ಸೂತ್ರ ಹೀಗಿರಲಿ. ದುಡಿದ ಗಂಟೆ ಕೊಡುವ ಮೊದಲನೆಯದು F ಕಾಲಂಗೆ, ಆ ವಾರದ ಭಾನುವಾರ ಕೊಡುವ ಎರಡನೆಯದು G ಗೆ, ಮೂರನೆಯದು ಒಬ್ಬರ ವಾರದ ಮೊತ್ತಕ್ಕೆ:

```
=MOD(D2-C2,1)*24-E2/60
=B2-WEEKDAY(B2)+1
=SUMIFS(F:F,A:A,J2,G:G,K2)
```

J2 ನಲ್ಲಿ ಟೋಕನ್ ನಂಬರ್, K2 ನಲ್ಲಿ ಆ ವಾರದ ಭಾನುವಾರದ ತಾರೀಖು ಇರಬೇಕು. ಅಂತರ್ಜಾಲದಲ್ಲಿ ಸಿಗುವ ರೆಡಿ ಶೀಟ್‌ಗಳಲ್ಲಿ ಎಷ್ಟೋ ವಾರವನ್ನು ಸೋಮವಾರದಿಂದ ಎಣಿಸುತ್ತವೆ. ಅಂಥದ್ದನ್ನು ತೆಗೆದುಕೊಳ್ಳಬೇಡಿ. ಬೆರಳೊತ್ತುವ ಯಂತ್ರದ ವರದಿಯನ್ನೂ ಒಂದು ರಾತ್ರಿ ಪಾಳಿ ಹಿಡಿದು ಪರೀಕ್ಷಿಸಿ. 12 ಗಂಟೆಗೆ ದಿನ ಕತ್ತರಿಸುವ ವರದಿಯಾದರೆ ಅದರ ಮೊತ್ತ ಬೇಡ, ಬಂದ-ಹೋದ ಸಮಯ ಮಾತ್ರ ತೆಗೆದುಕೊಳ್ಳಿ.

ಒಂದು ಉದಾಹರಣೆ ಹಾಕಿಕೊಳ್ಳೋಣ. ಟೋಕನ್ 14ರವರು ಕಾಫಿಯ ಸಿಪ್ಪೆ ಬಿಡಿಸುವ ಹಲ್ಲಿಂಗ್ ಮಷೀನ್ ನೋಡಿಕೊಳ್ಳುವವರು. ಹಿಂದಿನ ವಾರ ಹಗಲು ಪಾಳಿ, ಈ ವಾರ ಸೋಮವಾರದಿಂದ ಶನಿವಾರದವರೆಗೆ ರಾತ್ರಿ. ರಾತ್ರಿ 2ಕ್ಕೆ ಅರ್ಧ ಗಂಟೆ ಬಿಡುವು ಕಳೆದರೆ ದಿನಕ್ಕೆ 7.5 ಗಂಟೆ, ಆರು ರಾತ್ರಿಗೆ 45. ಬುಧವಾರ ಮತ್ತು ಶುಕ್ರವಾರದ ಪಾಳಿಯಲ್ಲಿ ಅವರು ಬೆಳಿಗ್ಗೆ 9ರವರೆಗೆ ನಿಂತರು. ಅಲ್ಲಿಗೆ 6 ಗಂಟೆ ಜಾಸ್ತಿ, ವಾರಕ್ಕೆ 51. 1948ರ ಕಾಯ್ದೆಯಲ್ಲಿ ವಾರದ ಮಿತಿ 48 ಇತ್ತು. ಆ ಎರಡು ಪಾಳಿಗಳು 10.5 ಗಂಟೆಯಾದ್ದರಿಂದ ಅದರ ದಿನದ 9 ಗಂಟೆಯ ಮಿತಿಯನ್ನೂ ದಾಟಿವೆ. ಅದರಂತೆ ಮಿತಿ ಮೀರಿದ 3 ಗಂಟೆಗೆ ಎರಡು ಪಟ್ಟು ಕೂಲಿ ಬರಬೇಕಿತ್ತು.

ಈಗ ಶನಿವಾರದ ಪಾಳಿಯನ್ನು ಮಧ್ಯರಾತ್ರಿಗೆ ಕತ್ತರಿಸಿ ನೋಡಿ. 5.5 ಗಂಟೆ ಮುಂದಿನ ವಾರಕ್ಕೆ ಜಾರುತ್ತದೆ, ಈ ವಾರದ್ದು 45.5 ಆಗುತ್ತದೆ. 48ರ ಒಳಗೆ ಬಂತು, ಎಲ್ಲ ಸರಿ ಅನ್ನಿಸುತ್ತದೆ ಅಲ್ವಾ? ಜೊತೆಗೆ ಅವರು ಭಾನುವಾರವೂ ದುಡಿದಂತೆ ಕಾಣುತ್ತದೆ. ನಿಜದಲ್ಲಿ ಅವರ ವಾರದ ರಜೆ ಭಾನುವಾರ ಬೆಳಿಗ್ಗೆ 6ರಿಂದ ಸೋಮವಾರ ಬೆಳಿಗ್ಗೆ 6ರವರೆಗಿನ 24 ಗಂಟೆ. ಭಾನುವಾರ ರಾತ್ರಿ 10ಕ್ಕೆ ಕರೆದರೆ ಆ ರಜೆ ಮುರಿದಂತೆ.

ಓಟಿ ಚೀಟಿಯದ್ದು ಇದಕ್ಕೆ ಉಲ್ಟಾ ತಪ್ಪು. ಹಾಜರಿ ಪುಸ್ತಕದಲ್ಲಿ ಹೋದ ಸಮಯ 9 ಎಂದೇ ಇದ್ದರೆ, ಎರಡು ಪಾಳಿಗೆ 3ರಂತೆ ಆ 6 ಗಂಟೆ ಆಗಲೇ ಎಣಿಕೆಗೆ ಬಂದಿದೆ. ಚೀಟಿಯನ್ನು ಮತ್ತೆ ಕೂಡಿಸಿದರೆ 51 ಹೋಗಿ 57 ಆಗುತ್ತದೆ. ಚೀಟಿಯನ್ನು ಕೂಡಿಸಲು ಬಳಸಬೇಡಿ, ತಾಳೆ ನೋಡಲು ಬಳಸಿ. ಚೀಟಿ ಇದ್ದು ಪುಸ್ತಕದಲ್ಲಿ 6 ಎಂದೇ ಇದ್ದರೆ, ಆ ಪಾಳಿಯ ಮೇಸ್ತ್ರಿಯನ್ನೂ ಕಾರ್ಮಿಕರನ್ನೂ ಕೇಳಿ ಸಮಯ ತಿದ್ದಿ. ಬಿಡುವಿನಲ್ಲೂ ಮಷೀನ್ ಬಿಟ್ಟು ಹೋಗಲು ಬಿಡದಿದ್ದರೆ ಅದು ಬಿಡುವಲ್ಲ. E ಯಲ್ಲಿ 0 ಬರೆಯಿರಿ.

ಮಿತಿಗಳನ್ನು ಸೂತ್ರದೊಳಗೆ ಬರೆಯದೆ ಬೇರೆ ಖಾನೆಯಲ್ಲಿಡಿ. ಆ ಕಾಯ್ದೆಯ ಬದಲು 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ ದಿನದ ಮಿತಿ 9 ಅಲ್ಲ, 8. ಟೋಕನ್ 14ರವರ ಬುಧವಾರವನ್ನು ಅದರ ಮೇಲೆ ಇಟ್ಟರೆ ಒಂದೇ ದಿನದಲ್ಲಿ 2.5 ಗಂಟೆ ಮೀರುತ್ತದೆ. ಮಧ್ಯರಾತ್ರಿಯ ನಿಯಮ ಮಾತ್ರ ಅಲ್ಲೂ ಹಾಗೇ ಇದೆ.