ಫ್ಯಾನ್ ತಿರುಗುವ ರೂಮಿಗೆ ಯಾವ ಮೈಕ್?

ಬೆಡ್‌ರೂಮಿನಲ್ಲಿ ಕೂತು ಕತೆ ಓದಿ ರೆಕಾರ್ಡ್ ಮಾಡುವವರಿಗೆ ಎಲ್ಲರೂ ಹೇಳುವುದು ಒಂದೇ: ‘ಗಲಾಟೆ ಇದ್ದರೆ ಡೈನಮಿಕ್ ಮೈಕ್ ತಗೊಳ್ಳಿ, ಅದು ಹೊರಗಿನ ಸದ್ದು ಹಿಡಿಯಲ್ಲ.’ ಸಲಹೆ ಸರಿ, ಕಾರಣ ಮಾತ್ರ ತಪ್ಪು. ನಿಮ್ಮ ದನಿ ಯಾವುದು, ಫ್ಯಾನ್ ಸದ್ದು ಯಾವುದು ಅಂತ ಯಾವ ಮೈಕಿಗೂ ಗೊತ್ತಾಗುವುದಿಲ್ಲ. ಹೆಚ್ಚಿನ ವ್ಯತ್ಯಾಸ ಬರುವುದು ಬಾಯಿಗೂ ಮೈಕಿಗೂ ಇರುವ ದೂರದಿಂದ.

ಮೊದಲು ಈ ಪರೀಕ್ಷೆ ಮಾಡಿ. ಮೈಕನ್ನು ಬಾಯಿಂದ 30 ಸೆಂ.ಮೀ. ದೂರ ಇಟ್ಟು ಎರಡು ಸಾಲು ಓದಿ, ಹತ್ತು ಸೆಕೆಂಡ್ ಸುಮ್ಮನಿರಿ. ಆಮೇಲೆ ನಾಲ್ಕು ಬೆರಳಷ್ಟು, ಅಂದರೆ ಸುಮಾರು 7.5 ಸೆಂ.ಮೀ. ಹತ್ತಿರ ಬಂದು ಅದನ್ನೇ ಮಾಡಿ. ದೂರ ಅರ್ಧವಾದಾಗಲೆಲ್ಲ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ. ಇಲ್ಲಿ ಎರಡು ಸಲ ಅರ್ಧವಾಯಿತು, ಹಾಗಾಗಿ 12 ಡೆಸಿಬೆಲ್. ಫ್ಯಾನ್ ಮಾತ್ರ ಇದ್ದಲ್ಲೇ ಇದೆ. ಎರಡೂ ರೆಕಾರ್ಡಿಂಗ್‌ಗಳಲ್ಲಿ ದನಿಯನ್ನು ಒಂದೇ ಮಟ್ಟಕ್ಕೆ ತಂದು ಕೇಳಿದರೆ ಎರಡನೆಯದರಲ್ಲಿ ಫ್ಯಾನ್ ಹಿಂದೆ ಸರಿದಿರುತ್ತದೆ, ಗೋಡೆಗೆ ಬಡಿದು ಬರುವ ಮಾರ್ದನಿಯೂ ಅಷ್ಟೇ.

ನಾನು ಸ್ನೇಹಿತರಿಂದ ಇನ್ನೊಂದು ಬಗೆಯ, ಅಂದರೆ ಕಂಡೆನ್ಸರ್ ಮೈಕ್ ತಂದು, ನನ್ನ ಡೈನಮಿಕ್ ಮೈಕ್ ಶೂರ್ ಎಸ್‌ಎಂ58 ಪಕ್ಕದಲ್ಲೇ ಇಟ್ಟು ಹೀಗೆ ಹೋಲಿಸಿದೆ. ಒಂದೇ ದೂರದಲ್ಲಿ ಫ್ಯಾನ್ ಸದ್ದು ಎರಡರಲ್ಲೂ ಹೆಚ್ಚುಕಮ್ಮಿ ಒಂದೇ ಇತ್ತು! ಆದರೆ ನಾಲ್ಕು ಬೆರಳು ದೂರದಲ್ಲಿ ಕಂಡೆನ್ಸರ್ ನನ್ನ ಪ್ರತಿ ಉಸಿರನ್ನೂ, ‘ಪ’ಕಾರದ ಹೊಡೆತವನ್ನೂ ಎತ್ತಿ ತೋರಿಸಿತು. ಎಸ್‌ಎಂ58 ಇರುವುದೇ ತುಟಿಯ ಹತ್ತಿರ ಹಿಡಿದು ಹಾಡಲಿಕ್ಕೆ. ಅದರ ಜಾಲರಿಯೊಳಗೆ ಸ್ಪಂಜೂ ಇದೆ, ಹತ್ತಿರದ ದನಿಯನ್ನು ತಡೆದುಕೊಳ್ಳುತ್ತದೆ. ಗದ್ದಲದ ರೂಮಿಗೆ ಡೈನಮಿಕ್ ಒಗ್ಗುವುದು ಈ ಕಾರಣಕ್ಕೆ. ಹತ್ತಿರ ಹೋದಷ್ಟೂ ದನಿ ಗುಂಯ್‌ಗುಡುತ್ತದೆ. ಹಾಗನ್ನಿಸಿದರೆ ಒಂದು ಬೆರಳು ಹಿಂದೆ ಸರಿಯಿರಿ.

ಇನ್ನು ಮೈಕಿನ ಬೆನ್ನು. ಎಸ್‌ಎಂ58 ತರಹದ ಕಾರ್ಡಿಯಾಯ್ಡ್ ಮೈಕುಗಳು ಹಿಂದಿನಿಂದ ಬರುವ ಸದ್ದನ್ನು ಕಡಿಮೆ ಹಿಡಿಯುತ್ತವೆ. ನನ್ನ ಫ್ಯಾನ್ ತಲೆಯ ಮೇಲಿದೆ. ಅದಕ್ಕೇ ಮೈಕನ್ನು ಸ್ಟ್ಯಾಂಡಿನಲ್ಲಿ ಮೇಲಿನಿಂದ ಇಳಿಬಿಟ್ಟು, ಮುಖ ಬಾಯಿಗೆ, ಬಾಲ ಫ್ಯಾನಿಗೆ ಬರುವಂತೆ ಓರೆಯಾಗಿಟ್ಟೆ. ನಿಮ್ಮಲ್ಲಿ ಕಿಟಕಿಯ ಗಲಾಟೆ ಜಾಸ್ತಿಯಾದರೆ ಬೆನ್ನು ಅತ್ತ ತಿರುಗಲಿ.

ಕೊಳ್ಳುವ ಮುಂಚೆ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸ್ ನೋಡಿ. ಇಂಟರ್‌ಫೇಸಿಗೆ ಜೋಡಿಸುವ ಕಂಡೆನ್ಸರ್‌ಗೆ ಸಾಮಾನ್ಯವಾಗಿ ಅದರಿಂದಲೇ ಬರುವ 48 ವೋಲ್ಟ್ ವಿದ್ಯುತ್, ಅಂದರೆ ಫ್ಯಾಂಟಮ್ ಪವರ್ ಬೇಕು. ಡೈನಮಿಕ್‌ಗೆ ಅದು ಬೇಡ, ಆದರೆ ಗೇನ್, ಅಂದರೆ ಮೈಕಿನ ಸದ್ದನ್ನು ಹಿಗ್ಗಿಸುವ ಪ್ರಮಾಣ, ಜಾಸ್ತಿ ಬೇಕು. ಶೂರ್ ಎಸ್‌ಎಂ7ಬಿಗಂತೂ ಸುಮಾರು 60 ಡೆಸಿಬೆಲ್. ಗೇನ್ ಗುಂಡಿ ಪೂರ್ತಿ ತಿರುಗಿಸಿದಾಗ, ಫ್ಯಾನ್ ಆಫ್ ಇದ್ದರೂ ‘ಸ್ಸ್’ ಅಂತ ಕೇಳಿದರೆ ಅದು ರೂಮಿನ ಸದ್ದಲ್ಲ, ಇಂಟರ್‌ಫೇಸಿನದು.

ವಿಡಿಯೊದಲ್ಲಿ ಮೈಕ್ ಕಾಣಬಾರದು ಅಂತ ಮೂರಡಿ ದೂರ ಇಡುವವರಿಗೆ ಡೈನಮಿಕ್ ಕೊಂಡೂ ಲಾಭವಿಲ್ಲ. ಅಂಥವರು ಅಂಗಿಗೆ ಸಿಕ್ಕಿಸುವ ಕಾಲರ್ ಮೈಕ್ ತಗೊಳ್ಳಲಿ. ಅವು ಸಾಮಾನ್ಯವಾಗಿ ಕಂಡೆನ್ಸರ್ ಮೈಕುಗಳೇ, ಆದರೆ ಬಾಯಿಗೆ ಒಂದು ಗೇಣು ದೂರದಲ್ಲಿರುತ್ತವೆ.